ಬೆಲ್ಲದ ಕಂಪನಿಯ ಪಿಚ್ ಡೆಕ್ ಓದಿ ಎರಡು ಪುಟದ ಮೆಮೊ ಬರೆಯೋದು ಹೇಗೆ? ಗುಂಪಿನ ಪ್ರಶ್ನೋತ್ತರ

ಹರೀಶ, ಕುವೆಂಪುನಗರ: ಶಶಿಕಲಾ ಮೇಡಂ, ಮಂಡ್ಯ ಕಡೆಯ ಒಂದು ಬೆಲ್ಲದ ಪುಡಿ ಕಂಪನಿಯ ಪಿಚ್ ಡೆಕ್ ಬಂದಿದೆ, 22 ಸ್ಲೈಡ್. ಆನ್‌ಲೈನ್‌ನಲ್ಲಿ ಮಾರುತ್ತಾರೆ. ₹50 ಲಕ್ಷ ಕೇಳುತ್ತಿದ್ದಾರೆ, 10% ಷೇರು ಕೊಡ್ತಾರಂತೆ. ಏಳು ಜನ ಸ್ನೇಹಿತರು ಸೇರಿ ಹಾಕೋಣ ಅಂತಿದ್ದೇವೆ. ಉಳಿದವರು ಓದೋಕೆ ಎರಡು ಪುಟದ ಮೆಮೊ ಬರೆಯುವ ಕೆಲಸ ನನ್ನ ಮೇಲೆ ಬಿದ್ದಿದೆ. ಒಂದೊಂದು ಸ್ಲೈಡನ್ನೂ ಒಂದೊಂದು ಪ್ಯಾರಾ ಮಾಡಿದೆ. ಅದು ಮತ್ತೆ ಡೆಕ್ ಥರಾನೇ ಕಾಣ್ತಿದೆ. ಎಲ್ಲಿಂದ ಶುರು ಮಾಡಲಿ?

ಶಶಿಕಲಾ, ಸಿಎ: ಸ್ಲೈಡಿನ ಕ್ರಮವನ್ನು ಮೊದಲು ಬಿಡಿ. ಅದು ಹಣ ಕೇಳುವವರ ಕ್ರಮ. ಹಣ ಕೊಡುವವರ ಕ್ರಮ ಬೇರೆ.

ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ, ಸರಿಯೋ ತಪ್ಪೋ ಅಂತ ನೋಡಬಹುದಾದ ವಾಕ್ಯಗಳನ್ನು ಮಾತ್ರ ಬರೆಯಿರಿ. "ಭಾರತದ ಸಿಹಿಯನ್ನೇ ಬದಲಿಸುತ್ತೇವೆ" ಅನ್ನೋದನ್ನ ಯಾರೂ ಪರೀಕ್ಷೆ ಮಾಡೋಕೆ ಆಗಲ್ಲ, ಬಿಡಿ. "ಜನವರಿಯಲ್ಲಿ ₹25 ಲಕ್ಷ ಮಾರಿದೆವು" ಅನ್ನೋದನ್ನ ಮಾಡಬಹುದು, ಇಟ್ಟುಕೊಳ್ಳಿ. ಎರಡನೇ ಕಾಲಂನಲ್ಲಿ, ಅದನ್ನು ತೋರಿಸುವ ಕಾಗದ ಯಾವುದು ಅಂತ ಬರೆಯಿರಿ. ಯಾವ ಕಾಗದವೂ ತೋರಿಸಲು ಆಗದ ಮಾತು ಮೂರನೇ ಕಾಲಂಗೆ ಹೋಗುತ್ತದೆ. ಅದು ಊಹೆ. ಭವಿಷ್ಯದ ಮಾತೆಲ್ಲ ಅಲ್ಲಿಗೇ ಹೋಗುತ್ತದೆ.

ಅಂಕಿ ಇರುವ ಮುಖ್ಯ ವಾಕ್ಯಗಳನ್ನ ಇಲ್ಲಿ ಹಾಕಿ. ಕಂಪನಿ ಹೆಸರು ಬೇಡ.

ಪ್ರಸನ್ನ, ಸರಸ್ವತಿಪುರಂ: ಫಾರ್ವರ್ಡ್ ಮಾಡ್ತಿದ್ದೇನೆ, ಉಪಯೋಗ ಆಗಬಹುದು. "ಹತ್ತು ಪಾಯಿಂಟ್ ಇನ್ವೆಸ್ಟ್‌ಮೆಂಟ್ ಮೆಮೊ. ಪ್ರತಿ ಪಾಯಿಂಟ್‌ಗೆ 10 ಅಂಕ. 70 ದಾಟಿದರೆ ಕಣ್ಣುಮುಚ್ಚಿ ಹಣ ಹಾಕಿ."

ಶಶಿಕಲಾ, ಸಿಎ: ಪ್ರಸನ್ನ, ದಯವಿಟ್ಟು ಅದನ್ನು ಬಳಸಬೇಡಿ. ಒಂದು ಕಂಪನಿಯ ತಂಡಕ್ಕೆ 9, ಮಾರುಕಟ್ಟೆಗೆ 9, ಉತ್ಪನ್ನಕ್ಕೆ 9 ಬಂದು, ಮಾರಿದ ಪ್ರತಿ ಆರ್ಡರ್‌ನಲ್ಲೂ ನಷ್ಟ ಇದ್ದರೆ ಆ ಟೇಬಲ್‌ನಲ್ಲಿ ಅದು ಪಾಸಾಗುತ್ತದೆ. ನಷ್ಟದ ಸಾಲಿಗೆ ಬರೀ 10 ಅಂಕ ಹೋಗುತ್ತದೆ ಅಷ್ಟೇ.

ನಂಜುಂಡಪ್ಪ, ಮಂಡ್ಯ: ಹರೀಶ್, ನನ್ನ ರೈಸ್ ಮಿಲ್‌ಗೆ ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟ್ ನನ್ನ ಹತ್ತಿರ ಇದೆ. 40 ಪುಟ. ಐದು ವರ್ಷದ ಲೆಕ್ಕ ಎಲ್ಲ ಇದೆ. ಹೆಸರು ಬದಲಾಯಿಸಿ ಅದನ್ನೇ ಕೊಡಿ. ನನಗೆ ಅದರಲ್ಲೇ ಸಾಲ ಸಿಕ್ಕಿತು.

ಶಶಿಕಲಾ, ಸಿಎ: ನಂಜುಂಡಪ್ಪನವರೇ, ಅದು ಸಾಲ ಕೇಳುವವರು ಬರೆದ ವರದಿ. ಬ್ಯಾಂಕ್ ನೋಡೋದು ಕಂತು ವಾಪಸ್ ಬರುತ್ತಾ, ಅಡಮಾನ ಏನಿದೆ ಅಂತ. ಹರೀಶ್ ಹಾಕುತ್ತಿರೋದು ಷೇರಿಗೆ. ಕಂತೂ ಇಲ್ಲ, ಅಡಮಾನವೂ ಇಲ್ಲ. ಮೆಮೊ ಬರೆಯೋದು ಹಣ ಹಾಕುವವರು, ತಮಗೋಸ್ಕರ.

ಹರೀಶ, ಕುವೆಂಪುನಗರ: ಮುಖ್ಯ ವಾಕ್ಯಗಳು ಇವು ಮೇಡಂ. ಜನವರಿ ಮಾರಾಟ ₹25 ಲಕ್ಷ. ವರ್ಷದ ರನ್ ರೇಟ್ ₹3 ಕೋಟಿ. ಗ್ರಾಸ್ ಮಾರ್ಜಿನ್ 55%. ಹೊಸ ಗ್ರಾಹಕರನ್ನು ತರುವ ಖರ್ಚು ₹160. ರಿಪೀಟ್ 60%. ಈ ₹50 ಲಕ್ಷ 18 ತಿಂಗಳಿಗೆ ಸಾಕು. ಮತ್ತೆ "200 ರೈತರಿಂದ ನೇರ ಖರೀದಿ, ಕೆಮಿಕಲ್ ಇಲ್ಲದ ಬೆಲ್ಲ".

ಶಶಿಕಲಾ, ಸಿಎ: ಮೂರು ಕಾಗದ ತರಿಸಿ. ಕಳೆದ 12 ತಿಂಗಳ ಜಿಎಸ್‌ಟಿಆರ್-3ಬಿ, ಅಂದರೆ ಕಂಪನಿ ತುಂಬಿದ ಜಿಎಸ್‌ಟಿ ರಿಟರ್ನ್. ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್. ಮತ್ತೆ ಆರ್ಡರ್ ಪಟ್ಟಿ, ಅದರಲ್ಲಿ ದಿನಾಂಕ, ಮೊತ್ತ, ಗ್ರಾಹಕರ ಗುರುತಿನ ಸಂಖ್ಯೆ ಇದ್ದರೆ ಸಾಕು. ಗ್ರಾಹಕರ ಹೆಸರು, ಫೋನ್ ನಂಬರ್ ತೆಗೆದು ಕೊಡಲಿ. ಪಟ್ಟಿ ಎಕ್ಸೆಲ್‌ನಲ್ಲೇ ಬರಬೇಕು. ಅದರ ಸಾರಾಂಶದ ಪಿಡಿಎಫ್ ಕಳಿಸಿದರೆ ವಾಪಸ್ ಕಳಿಸಿ.

ಚಂದನ್, ಹೆಬ್ಬಾಳ: ಮೇಡಂ, ಇಷ್ಟು ಚಿಕ್ಕ ಕಂಪನಿಗೆ ಇಷ್ಟೆಲ್ಲ ಕೇಳಿದರೆ ಒಳ್ಳೆ ಫೌಂಡರ್ ಬೇರೆಯವರ ಹತ್ತಿರ ಹೋಗ್ತಾರೆ. ಈ ಹಂತದಲ್ಲಿ ನೋಡಬೇಕಾಗಿರೋದು ಜನರನ್ನ. ನಾನು ಬೆಂಗಳೂರಲ್ಲಿ ಎರಡು ಸ್ಟಾರ್ಟಪ್‌ನಲ್ಲಿ ಕೆಲಸ ಮಾಡಿದ್ದೇನೆ, ಯಾರೂ ಲಾಭ ನೋಡಿ ಹಣ ಹಾಕಲಿಲ್ಲ.

ಶಶಿಕಲಾ, ಸಿಎ: ಮಾರಾಟವೇ ಶುರುವಾಗದ ಕಂಪನಿಗೆ ನಿಮ್ಮ ಮಾತು ಸರಿ. ಇವರು ಮಾರುತ್ತಿದ್ದಾರೆ, ಅಂಕಿಯನ್ನು ಅವರೇ ಡೆಕ್‌ನಲ್ಲಿ ಹಾಕಿದ್ದಾರೆ. ಹಾಕಿದ ಅಂಕಿಯ ಮೂಲ ಕೇಳಿದರೆ ಬೇಸರ ಮಾಡಿಕೊಳ್ಳುವ ಫೌಂಡರ್ ಆದರೆ, ಅದೇ ನೀವು ಹೇಳುವ "ಜನರನ್ನ ನೋಡೋದು".

ಸುಮಾ, ಶ್ರೀರಾಂಪುರ: ಮೇಡಂ, ಮೆಮೊ ಟೆಂಪ್ಲೇಟ್ ಇದ್ದರೆ ಕಳಿಸ್ತೀರಾ?

ಶಶಿಕಲಾ, ಸಿಎ: ಇಲ್ಲ. ಮೇಲಿನ ಮೂರು ಕಾಲಂ ಹಾಕಿ.

ಹರೀಶ, ಕುವೆಂಪುನಗರ: ಕಾಗದ ಬಂತು. ಫೌಂಡರ್ ಹುಡುಗ ಬೇಸರ ಮಾಡಿಕೊಳ್ಳಲಿಲ್ಲ, ಎರಡೇ ದಿನದಲ್ಲಿ ಕೊಟ್ಟ. ಆದರೆ ಜಿಎಸ್‌ಟಿ ರಿಟರ್ನ್‌ನಲ್ಲಿ 12 ತಿಂಗಳು ಕೂಡಿದರೆ ₹1.38 ಕೋಟಿ ಬರ್ತಿದೆ. ₹3 ಕೋಟಿ ಎಲ್ಲಿಂದ ಬಂತು? ಸುಳ್ಳು ಹೇಳಿದನಾ?

ಶಶಿಕಲಾ, ಸಿಎ: ಸುಳ್ಳು ಅಂತ ಈಗಲೇ ಬರೆಯಬೇಡಿ. ಜನವರಿ ₹25 ಲಕ್ಷ, ಅದನ್ನ 12ರಿಂದ ಗುಣಿಸಿ. ₹3 ಕೋಟಿ ಆಯ್ತು. ರನ್ ರೇಟ್ ಅಂದರೆ ಅಷ್ಟೇ, ಒಂದು ತಿಂಗಳನ್ನು ವರ್ಷವಿಡೀ ಎಳೆದದ್ದು. ಯಾವ ತಿಂಗಳನ್ನು ಎಳೆದರು ಅಂತ ನೋಡಬೇಕು. ಬೆಲ್ಲದ ಕಂಪನಿ ಜನವರಿಯನ್ನೇ ಆರಿಸಿಕೊಂಡಿದೆ, ಸಂಕ್ರಾಂತಿ ತಿಂಗಳು.

ಆ ₹25 ಲಕ್ಷದೊಳಗೂ ಹೋಗಿ. ಅದು ಬಂದ ಆರ್ಡರ್‌ಗಳ ಮೊತ್ತ ಇರಬೇಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲಿಂದ ವಾಪಸ್ ಬಂದ ಪಾರ್ಸೆಲ್ ಎಷ್ಟು ನೋಡಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ 5% ಜಿಎಸ್‌ಟಿ ಇದೆ. ಅದು ಸರ್ಕಾರದ ಹಣ, ಕಂಪನಿಯ ಮಾರಾಟ ಅಲ್ಲ. ಆಮೇಲೆ ಆ ತಿಂಗಳಲ್ಲಿ ಒಂದೇ ಗ್ರಾಹಕರ ದೊಡ್ಡ ಆರ್ಡರ್ ಏನಾದರೂ ಇದೆಯಾ ಹುಡುಕಿ.

ಹರೀಶ, ಕುವೆಂಪುನಗರ: ಇದೆ. ವಾಪಸ್ ಬಂದದ್ದು ₹3 ಲಕ್ಷ. ಉಳಿದ ₹22 ಲಕ್ಷದಲ್ಲಿ ತೆರಿಗೆ ತೆಗೆದರೆ ಸುಮಾರು ₹21 ಲಕ್ಷ. ರಿಟರ್ನ್‌ನಲ್ಲೂ ಅಷ್ಟೇ ಇದೆ. ಅದರಲ್ಲಿ ₹8 ಲಕ್ಷ ಬೆಂಗಳೂರಿನ ಒಂದು ಕಂಪನಿ ಸಂಕ್ರಾಂತಿಗೆ ನೌಕರರಿಗೆ ಎಳ್ಳು-ಬೆಲ್ಲದ ಡಬ್ಬಿ ಕೊಡೋಕೆ ತಗೊಂಡಿದ್ದು. ಅಂದರೆ ಮಾಮೂಲಿ ಗ್ರಾಹಕರದ್ದು ₹13 ಲಕ್ಷ.

ಶಶಿಕಲಾ, ಸಿಎ: ಉಳಿದ 11 ತಿಂಗಳಿಗೆ ₹1.17 ಕೋಟಿ. ತಿಂಗಳಿಗೆ ಸರಾಸರಿ ಹತ್ತೂವರೆ ಲಕ್ಷದ ಮೇಲೆ ಸ್ವಲ್ಪ. ನಿಮ್ಮ ಮೆಮೊದಲ್ಲಿ ಮಾರಾಟ ಅಂದರೆ ₹1.38 ಕೋಟಿ, ಅದು ಮಾತ್ರ. ರಿಟರ್ನ್ ಕಂಪನಿಯೇ ತುಂಬೋದು, ಹಾಗಾಗಿ ಪೇಮೆಂಟ್ ಗೇಟ್‌ವೇಯಿಂದ ಬ್ಯಾಂಕಿಗೆ ಬಿದ್ದ ಜಮೆಗೆ ತಾಳೆ ಆಗುತ್ತಾ ಅಂತ ನೋಡಿದ ಮೇಲೆ ಬರೆಯಿರಿ.

ಮಹದೇವು, ಮದ್ದೂರು: ನಾನು ಆಲೆಮನೆ ನಡೆಸೋನು. ಈ ಆನ್‌ಲೈನ್ ಕಂಪನಿಗಳು ನಮ್ಮ ಹತ್ತಿರ ಬೆಲ್ಲ ತಗೊಂಡು "200 ರೈತರು" ಅಂತ ಫೋಟೋ ಹಾಕ್ತಾರೆ. ನನ್ನದೇ ಒಂದು ಲೋಡಿನ ದುಡ್ಡು ಒಬ್ಬರು ಇನ್ನೂ ಕೊಟ್ಟಿಲ್ಲ. ಅದು ಇದೇ ಕಂಪನಿನಾ? ಹೆಸರು ಹೇಳಿ.

ಶಶಿಕಲಾ, ಸಿಎ: ಹೆಸರು ಇಲ್ಲಿ ಬೇಡ ಮಹದೇವು ಅವರೇ. ಆದರೆ ನಿಮ್ಮಿಂದ ಒಂದು ವಿಷಯ ಬೇಕು. ಕಂಪನಿಯವರು ತಿಂಗಳಿಗೆ ಸುಮಾರು ಐದು ಟನ್ ಬೆಲ್ಲದ ಪುಡಿ ಮಾರ್ತಾರೆ ಅಂತ ಇಟ್ಟುಕೊಳ್ಳಿ. ಅದಕ್ಕೆ 200 ರೈತರು ಬೇಕಾ?

ಮಹದೇವು, ಮದ್ದೂರು: ಹತ್ತು ಟನ್ ಕಬ್ಬಿಗೆ ಒಂದು ಟನ್ ಬೆಲ್ಲ, ಹೆಚ್ಚು ಕಡಿಮೆ. ಐದು ಟನ್‌ಗೆ 50 ಟನ್ ಕಬ್ಬು. ಒಂದು ಎಕರೆಯಲ್ಲೇ 40 ಟನ್ ತೆಗೆಯೋರು ನಮ್ಮಲ್ಲಿ ಇದ್ದಾರೆ. ತಿಂಗಳಿಗೆ ಇಬ್ಬರು ಮೂವರು ರೈತರ ಕಬ್ಬು ಸಾಕು. ಒಂದೇ ಆಲೆಮನೆ ಸಾಕು. 200 ಎಲ್ಲಿಂದ ಬಂತು?

ಶಶಿಕಲಾ, ಸಿಎ: ಹರೀಶ್, ಈ ಲೆಕ್ಕವನ್ನ ಮೆಮೊಗೆ ಹಾಗೇ ಹಾಕಿ. ಇದು ಅಂಕಿಯೊಳಗಿನ ಅಂಕಿಯನ್ನು ತಾಳೆ ನೋಡೋದು. ಖರೀದಿ ಬಿಲ್‌ಗಳಲ್ಲಿ ಎಷ್ಟು ಹೆಸರು ಇವೆ ನೋಡಿ.

ಹರೀಶ, ಕುವೆಂಪುನಗರ: ಮೂರೇ ಹೆಸರು. ಮೂರೂ ಆಲೆಮನೆ. ಬರಹದ ಕರಾರು ಇಲ್ಲ. ಆ 200 ಜನ ಆಲೆಮನೆಗೆ ಕಬ್ಬು ಹಾಕುವ ರೈತರ ಒಟ್ಟು ಸಂಖ್ಯೆ ಅಂತೆ.

ಮಹದೇವು, ಮದ್ದೂರು: ಹಂಗಾದ್ರೆ 2023ರ ಬರದ ವರ್ಷದಲ್ಲಿ ಬೆಲ್ಲ ಎಷ್ಟಕ್ಕೆ ಕೊಂಡರು ಕೇಳಿ. ನಾಲೆಗೆ ನೀರು ಬಿಡದಿದ್ದರೆ ಕಬ್ಬು ಇಲ್ಲ. ಕಬ್ಬು ಇಲ್ಲದಿದ್ದರೆ ಕರಾರು ಇಲ್ಲದ ಆಲೆಮನೆಯವನು ಯಾರು ಜಾಸ್ತಿ ಕೊಡ್ತಾರೋ ಅವರಿಗೆ ಕೊಡ್ತಾನೆ. ನಾನೂ ಹಂಗೇ ಮಾಡೋದು. ಇನ್ನೊಂದು, ಕೆಮಿಕಲ್ ಇಲ್ಲ ಅಂದ್ರೆ ಬೆಲ್ಲ ಕಂದು ಬಣ್ಣ ಇರಬೇಕು. ಇವರ ಪ್ಯಾಕೆಟ್‌ನಲ್ಲಿ ಹಳದಿ ಇದ್ರೆ ಬಣ್ಣ ತಿಳಿಯಾಗಿಸೋ ಹೈಡ್ರೋಸ್ ಕೆಮಿಕಲ್ ಹಾಕಿದ್ದಾರೆ ಅಂತಲೇ.

ಶಶಿಕಲಾ, ಸಿಎ: ಬರದ ವರ್ಷದ ಬೆಲೆ ಅತ್ಯುತ್ತಮ ಪ್ರಶ್ನೆ. ಬಣ್ಣದ ಮಾತನ್ನ ಮಾತ್ರ ಮೆಮೊದಲ್ಲಿ ಬರೆಯಬೇಡಿ. ಕಬ್ಬಿನ ತಳಿ, ಮಣ್ಣು ಕೂಡ ಬಣ್ಣ ಬದಲಿಸುತ್ತವೆ. ಬ್ಯಾಚ್ ನಂಬರ್ ಇರುವ ಲ್ಯಾಬ್ ವರದಿ ಕೇಳಿ, ಹೈಡ್ರೋಸ್ ಹಾಕಿದರೆ ಉಳಿಯುವ ಗಂಧಕದ ಡೈಆಕ್ಸೈಡ್ ಎಷ್ಟಿದೆ ಅಂತ ಅದರಲ್ಲಿರುತ್ತದೆ. ಒಂದೇ ಹಳೆಯ ವರದಿ ತೋರಿಸಿದರೆ ಅದು ಆ ಬ್ಯಾಚಿಗೆ ಮಾತ್ರ ಸಾಕ್ಷಿ.

ಚಂದನ್, ಹೆಬ್ಬಾಳ: ಕಬ್ಬು, ನಾಲೆ ಅಂತ ಎಲ್ಲಿಗೋ ಹೋದ್ವಿ. ಬ್ರ್ಯಾಂಡ್ ಕಟ್ಟೋರಿಗೆ ಕಚ್ಚಾಮಾಲು ಸಮಸ್ಯೆನೇ ಅಲ್ಲ. ಮಂಡ್ಯದಲ್ಲಿ ಸಿಗದಿದ್ದರೆ ಕೊಲ್ಹಾಪುರದಿಂದ ತರ್ತಾರೆ.

ಮಹದೇವು, ಮದ್ದೂರು: ತರಲಿ. ಪ್ಯಾಕೆಟ್ ಮೇಲೆ "ಮಂಡ್ಯ ಬೆಲ್ಲ" ಅಂತ ಬರೆದು ಕೊಲ್ಹಾಪುರದ್ದು ತುಂಬಿಸ್ತಾರಾ? ನೀವು ಹೇಳೋದು ಅದೇನಾ?

ಚಂದನ್, ಹೆಬ್ಬಾಳ: ನಾನು ಹಾಗೆ ಹೇಳಲಿಲ್ಲ. ಓದಿ ಮಾತಾಡಿ.

ಮಹದೇವು, ಮದ್ದೂರು: ಓದಿಯೇ ಹೇಳಿದ್ದು.

ರೂಪಾ, ಶ್ರೀರಂಗಪಟ್ಟಣ: ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಸೋದರಮಾವ ನಿವೃತ್ತಿ ಹಣದಲ್ಲಿ ₹8 ಲಕ್ಷ ಒಂದು ಹೈನು ಉತ್ಪನ್ನದ ಕಂಪನಿಗೆ ಹಾಕ್ತೀನಿ ಅಂತಿದ್ದಾರೆ. ಅವರಿಗೂ ಪಿಚ್ ಡೆಕ್ ಬಂದಿದೆ, ವಾಟ್ಸಾಪ್‌ನಲ್ಲೇ. ಕೊನೆಯ ಸ್ಲೈಡಿನಲ್ಲಿ "ತಿಂಗಳಿಗೆ 2% ಖಚಿತ" ಅಂತ ಇದೆ. ₹2 ಕೋಟಿ ಎತ್ತುತ್ತಾರಂತೆ. ಸೋಮವಾರ ಹಣ ಕಟ್ಟಬೇಕಂತೆ. ಇದಕ್ಕೂ ಮೆಮೊ ಬರೀಬಹುದಾ?

ಶಶಿಕಲಾ, ಸಿಎ: ರೂಪಾ, ಹಣ ಹೋಗದ ಹಾಗೆ ಮೊದಲು ತಡೆಯಿರಿ. ಆಮೇಲೆ ಉಳಿದದ್ದು ಓದಿ.

ಡೆಕ್‌ನಲ್ಲಿ ಈಗಿನ ಮಾರಾಟ ಎಷ್ಟು, ಲಾಭ ಎಷ್ಟು ಅಂತ ಹಾಕಿದ್ದಾರೆ?

ರೂಪಾ, ಶ್ರೀರಂಗಪಟ್ಟಣ: ತಿಂಗಳಿಗೆ ₹15 ಲಕ್ಷ ಮಾರಾಟ, ಲಾಭ 10% ಅಂತ ಇದೆ.

ಶಶಿಕಲಾ, ಸಿಎ: ಅವರ ಎರಡು ಸ್ಲೈಡನ್ನು ಅಕ್ಕಪಕ್ಕ ಇಡಿ. ₹2 ಕೋಟಿಗೆ ತಿಂಗಳಿಗೆ 2% ಅಂದರೆ ₹4 ಲಕ್ಷ ಕೊಡಬೇಕು. ಅವರದೇ ಲಾಭ ತಿಂಗಳಿಗೆ ₹1.5 ಲಕ್ಷ. ₹4 ಲಕ್ಷ ಲಾಭ ಬರಬೇಕಾದರೆ ತಿಂಗಳಿಗೆ ₹40 ಲಕ್ಷ ಮಾರಾಟ ಬೇಕು, ಅದೂ ಮೊದಲ ತಿಂಗಳಿಂದಲೇ. ಉಳಿದ ₹2.5 ಲಕ್ಷ ಎಲ್ಲಿಂದ ಬರುತ್ತದೆ? ಹೊಸದಾಗಿ ಸೇರಿದವರು ಕಟ್ಟಿದ ಹಣದಿಂದ. ನಿಮ್ಮ ಮಾವನಿಗೆ ಮೊದಲ ಕೆಲವು ತಿಂಗಳು ₹16,000 ಬಂದೇ ಬರುತ್ತದೆ. ಅದನ್ನ ನೋಡಿ ಅವರು ಇನ್ನಷ್ಟು ಹಾಕುತ್ತಾರೆ, ನೆಂಟರಿಗೂ ಹೇಳುತ್ತಾರೆ. ನನಗೆ ಭಯ ಅಲ್ಲಿ.

ಕಾನೂನಿನ ಮಾತು. ಷೇರಿಗೆ ಖಚಿತ ಆದಾಯ ಅಂತ ಇರಲ್ಲ. ತಿಂಗಳಿಗೆ ಇಷ್ಟು ಖಚಿತ ಅಂತ ಸಿಕ್ಕ ಸಿಕ್ಕ ಜನರಿಂದ ಹಣ ತಗೊಂಡರೆ ಅದು ಠೇವಣಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಸಾರ್ವಜನಿಕರಿಂದ ಠೇವಣಿ ತಗೊಳ್ಳೋ ಹಾಗಿಲ್ಲ. ಅಂಥದ್ದನ್ನ ತಡೆಯೋಕೆಂದೇ 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಬಂತು. ರಿಸರ್ವ್ ಬ್ಯಾಂಕ್ ನಡೆಸುವ "ಸಚೇತ್" ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆ ಸ್ಲೈಡಿನ ಸ್ಕ್ರೀನ್‌ಶಾಟ್, ಕಳಿಸಿದ ನಂಬರ್ ಎರಡೂ ಇಟ್ಟುಕೊಳ್ಳಿ.

ಚಂದನ್, ಹೆಬ್ಬಾಳ: ಸ್ಟಾರ್ಟಪ್ ಕನ್ವರ್ಟಿಬಲ್ ನೋಟ್‌ನಲ್ಲಿ, ಅಂದರೆ ಆಮೇಲೆ ಷೇರಾಗಿ ಬದಲಾಗಬಹುದಾದ ಸಾಲವಾಗಿ, ಹಣ ತಗೊಂಡರೆ ಅದು ಠೇವಣಿ ಆಗಲ್ಲ ಮೇಡಂ. ಎಲ್ಲವನ್ನೂ ಮೋಸ ಅನ್ನಬಾರದು.

ಶಶಿಕಲಾ, ಸಿಎ: ಆ ವಿನಾಯಿತಿ ಇದೆ. ಸರ್ಕಾರ ಮಾನ್ಯ ಮಾಡಿದ ಸ್ಟಾರ್ಟಪ್ ಆಗಿರಬೇಕು, ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ ₹25 ಲಕ್ಷ ಬರಬೇಕು. ಇಲ್ಲಿರೋದು ₹8 ಲಕ್ಷ ಮತ್ತು ನಿವೃತ್ತರೊಬ್ಬರ ಉಳಿತಾಯ. ಈ ವಿಷಯದಲ್ಲಿ ದಯವಿಟ್ಟು ಅವರಿಗೆ ಗೊಂದಲ ಮಾಡಬೇಡಿ.

ಪ್ರಸನ್ನ, ಸರಸ್ವತಿಪುರಂ: ಫಾರ್ವರ್ಡ್: "₹100ರ ಸ್ಟಾಂಪ್ ಪೇಪರ್‌ನಲ್ಲಿ ಬರೆಸಿಕೊಂಡು, ಸೆಕ್ಯೂರಿಟಿಗೆ ಚೆಕ್ ತಗೊಂಡರೆ ನಿಮ್ಮ ಹೂಡಿಕೆ 100% ಸುರಕ್ಷಿತ."

ಶಶಿಕಲಾ, ಸಿಎ: ಪ್ರಸನ್ನ, ಇದನ್ನ ಅಳಿಸಿ. ರೂಪಾ ಅವರ ಮಾವ ಇದನ್ನ ಓದಿ ಧೈರ್ಯ ಮಾಡಿಬಿಟ್ಟರೆ ಯಾರು ಜವಾಬ್ದಾರಿ? ಖಾತೆಯಲ್ಲಿ ಹಣ ಇಲ್ಲದವರ ಚೆಕ್ ಕೈಯಲ್ಲಿದ್ದರೆ ಸಿಗೋದು ಕೋರ್ಟಿನ ದಿನಾಂಕ. ಓದದೇ ಫಾರ್ವರ್ಡ್ ಮಾಡೋದು ನಿಲ್ಲಿಸಿ.

ಪ್ರಸನ್ನ, ಸರಸ್ವತಿಪುರಂ: ಸಹಾಯ ಆಗಲಿ ಅಂತ ಹಾಕಿದ್ದು. ಅಳಿಸಿದ್ದೇನೆ.

ಸುಮಾ, ಶ್ರೀರಾಂಪುರ: ನಮ್ಮ ಮಗ ಒಂದು ಆ್ಯಪ್ ಮಾಡಿದ್ದಾನೆ, ಹೂಡಿಕೆ ಮಾಡೋರು ಯಾರಾದ್ರೂ ಇದ್ದರೆ ಹೇಳಿ.

ಹರೀಶ, ಕುವೆಂಪುನಗರ: ಮೇಡಂ, ನನ್ನ ಮೊದಲ ಕರಡು ಹಾಕ್ತಿದ್ದೇನೆ.

"ಕಂಪನಿ ವೇಗವಾಗಿ ಬೆಳೆಯುತ್ತಿದೆ. ಗ್ರಾಸ್ ಮಾರ್ಜಿನ್ 55%. ಗ್ರಾಹಕರ ನಂಬಿಕೆ ಚೆನ್ನಾಗಿದ್ದು 60% ಜನ ಮತ್ತೆ ಕೊಳ್ಳುತ್ತಾರೆ. ಹೊಸ ಗ್ರಾಹಕರಿಗೆ ₹160 ಮಾತ್ರ ಖರ್ಚು. ಸ್ಪರ್ಧೆ ಮತ್ತು ಕಚ್ಚಾಮಾಲಿನ ಬೆಲೆ ಮುಖ್ಯ ಅಪಾಯಗಳು."

ಶಶಿಕಲಾ, ಸಿಎ: ಈ ಕರಡಿನ ಕೊನೆಯ ವಾಕ್ಯವನ್ನು ಬೇಕರಿಗೂ ಬರೆಯಬಹುದು, ಬಟ್ಟೆ ಅಂಗಡಿಗೂ ಬರೆಯಬಹುದು. ಈ ಕಂಪನಿಯ ಅಪಾಯ ಇನ್ನೂ ಸಿಕ್ಕಿಲ್ಲ. ಅದು ಸಿಗಬೇಕಾದರೆ ಒಂದೇ ಒಂದು ಆರ್ಡರ್ ಹಿಡಿದು ಹೋಗಿ.

ಸರಾಸರಿ ಆರ್ಡರ್ ತೆರಿಗೆ ಬಿಟ್ಟು ₹400 ಅಂತ ನಿಮ್ಮ ಪಟ್ಟಿ ಹೇಳುತ್ತದೆ. ಬೆಲ್ಲ ಮತ್ತು ಪ್ಯಾಕಿಂಗ್ ₹180. ಉಳಿದದ್ದು ₹220, ಅದೇ ಡೆಕ್‌ನ 55%. ಅದು ಸರಿಯಾಗಿದೆ. ಆದರೆ ಬೆಲ್ಲ ಇನ್ನೂ ಗೋಡೌನ್‌ನಲ್ಲೇ ಇದೆ. ಕೊರಿಯರ್ ₹75. ಪೇಮೆಂಟ್ ಗೇಟ್‌ವೇ ₹10. ವಾಪಸ್ ಬರುವ ಪಾರ್ಸೆಲ್‌ಗಳ ನಷ್ಟವನ್ನ ಎಲ್ಲ ಆರ್ಡರ್‌ಗೂ ಹಂಚಿದರೆ ₹25. ಈಗ ಉಳಿಯೋದು ₹110. ಜಾಹೀರಾತು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನು ಆ ₹160. ತಿಂಗಳಿಗೆ ಜಾಹೀರಾತಿಗೆ ₹4 ಲಕ್ಷ, ಆರ್ಡರ್ 2,500. ಭಾಗಿಸಿದರೆ ₹160. ಆದರೆ ಆ 2,500ರಲ್ಲಿ 1,500 ಹಳೆಯ ಗ್ರಾಹಕರದ್ದು. ಹೊಸಬರು 1,000 ಜನ. ಹೊಸಬರನ್ನು ತರುವ ಖರ್ಚನ್ನ ಹೊಸಬರಿಂದಲೇ ಭಾಗಿಸಬೇಕು. ಒಬ್ಬರಿಗೆ ₹400.

60% ಕೂಡ ಅಲ್ಲಿಂದಲೇ ಬಂದದ್ದು. 2,500ಕ್ಕೆ 1,500. ಅದು ಒಂದು ತಿಂಗಳ ಆರ್ಡರ್‌ಗಳಲ್ಲಿ ಹಳಬರ ಪಾಲು. "60% ಜನ ಮತ್ತೆ ಕೊಳ್ಳುತ್ತಾರೆ" ಅನ್ನೋದು ಬೇರೆಯೇ ಮಾತು. ಅದು ಗೊತ್ತಾಗಬೇಕಾದರೆ ಒಂದು ತಿಂಗಳು ಮೊದಲ ಸಲ ಕೊಂಡವರನ್ನೆಲ್ಲ ಒಂದು ಗುಂಪು ಮಾಡಿ, ಅವರ ಹಿಂದೆ ಹೋಗಬೇಕು. ಜುಲೈನವರನ್ನ ತಗೊಳ್ಳಿ. ಡಿಸೆಂಬರ್ ಕೊನೆಯವರೆಗೆ ಅವರಲ್ಲಿ ಎಷ್ಟು ಜನ ಮತ್ತೆ ಬಂದರು, ಒಟ್ಟು ಎಷ್ಟು ಆರ್ಡರ್ ಆಯ್ತು ಎಣಿಸಿ. ಎಕ್ಸೆಲ್‌ನಲ್ಲಿ ಕೆಲಸ ಇಷ್ಟೇ: ಪ್ರತಿ ಗ್ರಾಹಕ ಸಂಖ್ಯೆಗೆ ಅತಿ ಹಳೆಯ ದಿನಾಂಕ ಹುಡುಕಿ, ಅದು ಜುಲೈನಲ್ಲಿದ್ದರೆ ಉಳಿಸಿಕೊಳ್ಳಿ.

ಹರೀಶ, ಕುವೆಂಪುನಗರ: ಜುಲೈನಲ್ಲಿ ಹೊಸಬರು 1,000. ಮತ್ತೆ ಬಂದವರು 280 ಜನ. ಎಲ್ಲ ಸೇರಿ 1,900 ಆರ್ಡರ್.

ಶಶಿಕಲಾ, ಸಿಎ: ಇಲ್ಲಿದೆ ನಿಮ್ಮ ಮೆಮೊ. ಸ್ವಲ್ಪ ನಿಧಾನವಾಗಿ ನೋಡಿ.

ಒಬ್ಬ ಗ್ರಾಹಕರನ್ನು ತರೋಕೆ ₹400 ಹೋಗುತ್ತದೆ, ಒಂದು ಆರ್ಡರ್‌ಗೆ ₹110 ಬರುತ್ತದೆ. ಹಾಕಿದ್ದು ವಾಪಸ್ ಬರೋದು ನಾಲ್ಕನೇ ಆರ್ಡರ್‌ಗೆ. ಜುಲೈನವರು ಆರು ತಿಂಗಳಲ್ಲಿ ಸರಾಸರಿ 1.9 ಆರ್ಡರ್ ಮಾಡಿದ್ದಾರೆ, ₹209 ವಾಪಸ್ ಬಂದಿದೆ. ಸರಾಸರಿ ಇಲ್ಲಿ ಪೂರ್ತಿ ಚಿತ್ರ ಕೊಡಲ್ಲ. 720 ಜನ ಒಂದೇ ಸಲ ಕೊಂಡು ಹೋದರು. ಉಳಿದ 280 ಜನ ತಲಾ ನಾಲ್ಕಕ್ಕಿಂತ ಜಾಸ್ತಿ ಸಲ ಕೊಂಡಿದ್ದಾರೆ. ಅಂದರೆ ಬೆಲ್ಲ ಇಷ್ಟಪಟ್ಟವರು ಬಿಡುತ್ತಿಲ್ಲ. ಇದು ಕಂಪನಿಯ ನಿಜವಾದ ಬಲ, ಡೆಕ್‌ನಲ್ಲಿ ಇದೇ ಇಲ್ಲ.

ಹಾಗಾಗಿ ಇಡೀ ಹೂಡಿಕೆ ನಿಂತಿರೋದು ಒಂದು ಊಹೆಯ ಮೇಲೆ: ಒಬ್ಬ ಗ್ರಾಹಕರು ಸರಾಸರಿ ನಾಲ್ಕು ಸಲ ಕೊಳ್ಳುತ್ತಾರೆ. ಊಹೆಯನ್ನ ಹೀಗೆ, ಎಷ್ಟಕ್ಕೆ ಮುರಿಯುತ್ತದೆ ಅಂತ ಅಂಕಿ ಹಾಕಿ ಬರೆಯಬೇಕು. ಅದು ಮುರಿದರೆ ಏನಾಗುತ್ತದೆ ಅನ್ನೋದೇ ಅಪಾಯ. ಈಗ ತಿಂಗಳಿಗೆ 2,500 ಆರ್ಡರ್‌ನಿಂದ ₹2.75 ಲಕ್ಷ ಬರುತ್ತದೆ, ಜಾಹೀರಾತಿಗೆ ₹4 ಲಕ್ಷ ಹೋಗುತ್ತದೆ. ₹1.25 ಲಕ್ಷ ಕೊರತೆ. ಸಂಬಳ, ಬಾಡಿಗೆ ₹2.75 ಲಕ್ಷ. ಒಟ್ಟು ತಿಂಗಳಿಗೆ ₹4 ಲಕ್ಷ ಕರಗುತ್ತದೆ. ₹50 ಲಕ್ಷ ಬರೋದು ಹನ್ನೆರಡೂವರೆ ತಿಂಗಳಿಗೆ. ಡೆಕ್‌ನ 18 ತಿಂಗಳು ಸಂಬಳ, ಬಾಡಿಗೆಯನ್ನು ಮಾತ್ರ ಲೆಕ್ಕ ಹಿಡಿದದ್ದು, ಭಾಗಿಸಿ ನೋಡಿ.

ಹಾಗಾಗಿ ಪ್ಯಾರಾವನ್ನ ನಾನಾದರೆ ಹೀಗೆ ಬರೆಯುತ್ತೇನೆ:

"ಡೆಕ್ ಹೇಳುವ ₹3 ಕೋಟಿ, ಸಂಕ್ರಾಂತಿ ತಿಂಗಳ ಆರ್ಡರ್ ಮೊತ್ತದ 12 ಪಟ್ಟು. ಜಿಎಸ್‌ಟಿ ರಿಟರ್ನ್ ಪ್ರಕಾರ 12 ತಿಂಗಳ ಮಾರಾಟ ₹1.38 ಕೋಟಿ. ಬ್ಯಾಂಕ್ ಜಮೆಗೆ ತಾಳೆ ನೋಡಿದ್ದೇವೆ. ಜಾಹೀರಾತಿಗೆ ಮೊದಲು ಒಂದು ಆರ್ಡರ್‌ಗೆ ₹110 ಉಳಿಯುತ್ತದೆ, ಹೊಸ ಗ್ರಾಹಕರೊಬ್ಬರಿಗೆ ₹400 ಖರ್ಚಾಗುತ್ತದೆ. ಗ್ರಾಹಕರು ಸರಾಸರಿ ನಾಲ್ಕು ಸಲ ಕೊಂಡರೆ ಮಾತ್ರ ಈ ಹೂಡಿಕೆಗೆ ಅರ್ಥ ಇದೆ. ಜುಲೈ ಗುಂಪು ಆರು ತಿಂಗಳಲ್ಲಿ 1.9 ಸಲ ಕೊಂಡಿದೆ. 28% ಜನ ಮಾತ್ರ ಮರಳಿದ್ದಾರೆ, ಆದರೆ ಮರಳಿದವರು ನಿಯಮಿತವಾಗಿ ಕೊಳ್ಳುತ್ತಿದ್ದಾರೆ. ಈಗಿನ ವೇಗದಲ್ಲಿ ಹಣ ಸುಮಾರು 12 ತಿಂಗಳಿಗೆ ಮುಗಿಯುತ್ತದೆ."

ಒಂದೊಂದು ವಾಕ್ಯಕ್ಕೂ ಕಾಗದ ಇದೆ. ನಿಮ್ಮ ಏಳು ಜನರಲ್ಲಿ ಯಾರೇ ಕೇಳಿದರೂ ತೋರಿಸಬಹುದು.

ಚಂದನ್, ಹೆಬ್ಬಾಳ: ಒಂದೇ ಜುಲೈ ನೋಡಿ ತೀರ್ಮಾನ ಮಾಡೋದು ಎಷ್ಟು ಸರಿ? ಜುಲೈನವರು ಮುಂದಿನ ಆರು ತಿಂಗಳಲ್ಲಿ ಇನ್ನೂ ಕೊಳ್ತಾರೆ. ಜನ ಬೆಲ್ಲ ತಿನ್ನೋದು ಬಿಡಲ್ಲ. ಮತ್ತೆ ಆರ್ಡರ್ ದೊಡ್ಡದಾದರೆ ಕೊರಿಯರ್ ಖರ್ಚು ಅದೇ ಪ್ರಮಾಣದಲ್ಲಿ ಏರಲ್ಲ. ಅದನ್ನ ನೀವು ಹೇಳಲೇ ಇಲ್ಲ.

ಶಶಿಕಲಾ, ಸಿಎ: ಎರಡೂ ಸರಿಯಾದ ಮಾತು. ಹರೀಶ್, ಆಗಸ್ಟ್, ಸೆಪ್ಟೆಂಬರ್ ಗುಂಪುಗಳನ್ನೂ ಎಣಿಸಿ. ದೊಡ್ಡ ಆರ್ಡರ್ ವಿಷಯ ಇನ್ನೂ ಮುಖ್ಯ. ₹800ರ ಆರ್ಡರ್‌ನಲ್ಲಿ ಮಾಲು ಕಳೆದು ₹440 ಉಳಿಯುತ್ತದೆ. ಕೊರಿಯರ್ ₹110, ಗೇಟ್‌ವೇ ₹20, ವಾಪಸ್‌ಗೆ ₹40 ಅಂತ ಇಟ್ಟರೆ ₹270 ಕೈಗೆ ಬರುತ್ತದೆ. ಎರಡನೇ ಆರ್ಡರ್‌ಗೇ ₹400 ದಾಟುತ್ತದೆ. ₹800 ಮೇಲಿನ ಆರ್ಡರ್ ಎಷ್ಟಿವೆ, ಅವರೂ 280 ಜನರೂ ಒಬ್ಬರೇನಾ ಅಂತ ನೋಡಿ. ಫೌಂಡರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಮಹದೇವು, ಮದ್ದೂರು: ಎಲ್ಲ ಸರಿ. ಬೆಲ್ಲ ಕೊಟ್ಟವನ ಬಾಕಿ ಎಷ್ಟಿದೆ ಅಂತ ಯಾರೂ ಕೇಳ್ತಿಲ್ಲ.

ಶಶಿಕಲಾ, ಸಿಎ: ಕೇಳಬೇಕು. ಆಲೆಮನೆಗಳಿಗೆ ಕೊಡಬೇಕಾದ ಬಾಕಿಯ ಪಟ್ಟಿ ತರಿಸಿ ಹರೀಶ್. ಹೊಸ ಹಣದಲ್ಲಿ ಹಳೆಯ ಬಾಕಿ ತೀರಿಸುವುದಾದರೆ 12 ತಿಂಗಳೂ ಇರಲ್ಲ.

ನಂಜುಂಡಪ್ಪ, ಮಂಡ್ಯ: 10%ಗೆ ₹50 ಲಕ್ಷ ಅಂದ್ರೆ ಕಂಪನಿ ಬೆಲೆ ₹5 ಕೋಟಿ. ನಿಮ್ಮ ಹಣ ಸೇರಿಸಿದ ಮೇಲೆ ₹5.5 ಕೋಟಿ. ಸರಿನಾ?

ಚಂದನ್, ಹೆಬ್ಬಾಳ: ತಪ್ಪು. ₹5 ಕೋಟಿ ಹಣ ಸೇರಿದ ಮೇಲಿನ ಬೆಲೆ. ಹಣಕ್ಕೆ ಮುಂಚೆ ₹4.5 ಕೋಟಿ. ನೀವು ಹೇಳಿದ ಹಾಗಾದರೆ ಸಿಗೋದು 9.09%.

ನಂಜುಂಡಪ್ಪ, ಮಂಡ್ಯ: ನಾನು ಮಿಲ್ ನಡೆಸಿದವನು ತಮ್ಮಾ. ನನಗೆ ಲೆಕ್ಕ ಹೇಳಿಕೊಡಬೇಡ.

ಶಶಿಕಲಾ, ಸಿಎ: ಚಂದನ್ ಲೆಕ್ಕ ಸರಿ. ಡೆಕ್‌ನಲ್ಲಿ ಎರಡರಲ್ಲಿ ಯಾವುದು ಅಂತ ಬರೆದಿಲ್ಲದಿದ್ದರೆ ಮೆಮೊದಲ್ಲಿ ಕೇಳಿ ಬರೆಯಿರಿ. ₹1.38 ಕೋಟಿ ಮಾರಾಟದ, ನಷ್ಟದಲ್ಲಿರುವ ಕಂಪನಿಗೆ ₹4.5 ಕೋಟಿ ಜಾಸ್ತಿನಾ ಕಡಿಮೆನಾ ಅಂತ ನಾನು ಇಲ್ಲಿ ಹೇಳಲ್ಲ. ಅದು ನಾಲ್ಕು ಸಲದ ಊಹೆಯನ್ನ ನೀವು ಎಷ್ಟು ನಂಬುತ್ತೀರಿ ಅನ್ನೋದರ ಮೇಲೆ ನಿಂತಿದೆ.

ಹರೀಶ, ಕುವೆಂಪುನಗರ: ಏಳು ಜನರ ಹಣ ನನ್ನ ಖಾತೆಗೆ ಹಾಕಿಸಿಕೊಂಡು ಒಂದೇ ಸಲ ಕಳಿಸಬಹುದಾ?

ಶಶಿಕಲಾ, ಸಿಎ: ಬೇಡ. ಷೇರು ಯಾರ ಹೆಸರಿಗೋ ಹಣ ಅವರ ಖಾತೆಯಿಂದಲೇ ಹೋಗಬೇಕು. ಏಳು ಅರ್ಜಿ, ಏಳು ಖಾತೆ. ಪ್ರತಿಯೊಬ್ಬರ ಹೆಸರಿಗೂ ಪಿಎಎಸ್-4, ಅಂದರೆ ಕಂಪನಿ ಷೇರು ಕೊಡ್ತೀವಿ ಅಂತ ಕಳಿಸುವ ಪ್ರಸ್ತಾಪ ಪತ್ರ, ಬರಬೇಕು. ಹಣ ಹೋದ 60 ದಿನದಲ್ಲಿ ಷೇರು ಹಂಚಿಕೆ ಆಗದಿದ್ದರೆ ಹಣ ವಾಪಸ್ ಕೊಡಬೇಕು.

ಸುಮಾ, ಶ್ರೀರಾಂಪುರ: ಟೆಂಪ್ಲೇಟ್ ಯಾರಾದರೂ ಮಾಡಿದ್ದರೆ ಹಾಕಿ ಪ್ಲೀಸ್.

ಶಶಿಕಲಾ, ಸಿಎ: ಮೇಲೆ ಓದಿ.

ಚಂದನ್, ಹೆಬ್ಬಾಳ: ಹರೀಶ್, ನಾನು ಈಗಲೂ ಹೇಳ್ತೀನಿ, ಹುಡುಗ ಕಾಗದವನ್ನ ಎರಡೇ ದಿನದಲ್ಲಿ ಕೊಟ್ಟ. ಅದಕ್ಕೂ ಮೆಮೊದಲ್ಲಿ ಜಾಗ ಇರಲಿ.

ಮಹದೇವು, ಮದ್ದೂರು: ಬಾಕಿ ಪಟ್ಟಿ ಬರಲಿ, ಆಮೇಲೆ ಹುಡುಗನ ಗುಣ ಮಾತಾಡೋಣ.

ಹರೀಶ, ಕುವೆಂಪುನಗರ: ಆಗಸ್ಟ್ ಗುಂಪು ಎಣಿಸಿದೆ. ಹೊಸಬರು 940, ಮತ್ತೆ ಬಂದವರು 290. ಜನವರಿ ಕೊನೆಯವರೆಗೆ ಸರಾಸರಿ 2.1 ಆರ್ಡರ್. ₹800 ಮೇಲಿನ ಆರ್ಡರ್ ಆರರಲ್ಲಿ ಒಂದು. ಅವು ಆ 290 ಜನರದ್ದೇನಾ ಅಂತ ಇನ್ನೂ ಬಿಡಿಸಿಲ್ಲ. ಬಾಕಿ ಪಟ್ಟಿ ಕೇಳಿದ್ದೇನೆ, ಅದಕ್ಕೆ ಮಾತ್ರ ಉತ್ತರ ಬಂದಿಲ್ಲ.

ಶಶಿಕಲಾ, ಸಿಎ: ಆಗಸ್ಟ್ ಗುಂಪಿಗೆ ಸಂಕ್ರಾಂತಿ ಸಿಕ್ಕಿದೆ, ಜುಲೈಗೆ ಸಿಕ್ಕಿಲ್ಲ. ಜನವರಿ ಆರ್ಡರ್ ತೆಗೆದು ಮತ್ತೆ ಎಣಿಸಿ. ಬಾಕಿ ಪಟ್ಟಿ ಬರುವವರೆಗೆ ಮೆಮೊ ಯಾರಿಗೂ ಕಳಿಸಬೇಡಿ.